ಮಗು ನೋಡುತ್ತಿರುವುದರ ಹೆಸರು ಮೊದಲು ಹೇಳಿ

ಪ್ರಶ್ನೆ: ಮಗನಿಗೆ 11 ತಿಂಗಳು. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಯಾರಾದರೂ ಮಾತಾಡುತ್ತಲೇ ಇರುತ್ತೇವೆ, ಟಿವಿಯೂ ಓಡುತ್ತಿರುತ್ತೆ. ಆಟಿಕೆ ತೋರಿಸಿ ‘ಚೆಂಡು ಅನ್ನು, ಚೆಂಡು’ ಅಂತ ದಿನಾ ಹೇಳಿಕೊಡುತ್ತೇನೆ. ಅವನು ಬೇರೆ ಕಡೆ ಮುಖ ತಿರುಗಿಸ್ತಾನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮಾತಿಗೇನೂ ಕೊರತೆಯಿಲ್ಲ. ಅದರಲ್ಲಿ ಅವನಿಗೆಂದೇ ಆಡಿದ್ದು ಎಷ್ಟು, ಆ ಹೊತ್ತಿಗೆ ಅವನ ಕಣ್ಣು ಎಲ್ಲಿತ್ತು ಎಂಬುದನ್ನು ನೋಡಬೇಕು.

ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರಾದ ಅಡ್ರಿಯಾನಾ ವೈಸ್ಲೇಡರ್ ಮತ್ತು ಆ್ಯನ್ ಫರ್ನಾಲ್ಡ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಪ್ಯಾನಿಷ್ ಮಾತಾಡುವ 29 ಬಡ ಕುಟುಂಬಗಳ 19 ತಿಂಗಳ ಮಕ್ಕಳ ಕಿವಿಗೆ ಬೀಳುವ ಮಾತನ್ನು ದಿನವಿಡೀ ಧ್ವನಿಮುದ್ರಿಸಿದರು. ಒಂದು ಮಗುವಿಗೆ ಆ ದಿನ ನೇರವಾಗಿ ಆಡಿದ್ದು ಸುಮಾರು 670 ಪದ, ಇನ್ನೊಂದಕ್ಕೆ 12,000ಕ್ಕೂ ಹೆಚ್ಚು. 24 ತಿಂಗಳಲ್ಲಿ ಯಾವ ಮಗುವಿಗೆ ಎಷ್ಟು ಪದ ಗೊತ್ತಿತ್ತೆಂಬುದಕ್ಕೆ ಈ ನೇರ ಮಾತಿನೊಂದಿಗೆ ನಂಟು ಕಂಡಿತು. ದೊಡ್ಡವರು ತಮ್ಮತಮ್ಮಲ್ಲೇ ಆಡಿಕೊಂಡು ಮಗುವಿನ ಕಿವಿಗೆ ಬಿದ್ದ ಮಾತಿನೊಂದಿಗೆ ಅಂಥ ನಂಟು ಕಾಣಲಿಲ್ಲ. ಹಿನ್ನೆಲೆಯ ಟಿವಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ, ಆರಿಸಿಬಿಡಿ.

ಈಗ ನಿಮ್ಮ ಚೆಂಡಿನ ಪಾಠಕ್ಕೆ ಬರೋಣ. ಮಗು ನೆಲದ ಮೇಲೆ ಕೂತು ಡಬ್ಬಿಯ ಮುಚ್ಚಳ ಬಡಿಯುತ್ತಿದೆ ಎಂದಿಟ್ಟುಕೊಳ್ಳಿ. ನೀವು ಚೆಂಡು ಹಿಡಿದು ‘ಇಲ್ಲಿ ನೋಡು, ಚೆಂಡು’ ಅನ್ನುತ್ತೀರಿ. ಈಗ ಅವನು ಮುಚ್ಚಳ ಬಿಡಬೇಕು, ನಿಮ್ಮತ್ತ ತಿರುಗಬೇಕು, ಚೆಂಡನ್ನು ಗುರುತಿಸಬೇಕು, ಆಮೇಲೆ ಪದಕ್ಕೂ ವಸ್ತುವಿಗೂ ಗಂಟು ಹಾಕಬೇಕು. ಅಷ್ಟರಲ್ಲಿ ಪದ ಮುಗಿದೇ ಹೋಗಿರುತ್ತದೆ. ಅವನು ತಿರುಗದೇ ಇದ್ದರಂತೂ ಮುಚ್ಚಳವನ್ನು ನೋಡುತ್ತಾ ‘ಚೆಂಡು’ ಕೇಳಿಸಿಕೊಂಡಂತಾಯಿತು. ಮೈಕಲ್ ತೊಮಸೆಲ್ಲೊ ಮತ್ತು ಮೈಕಲ್ ಜೆಫ್ರಿ ಫರಾರ್ 1986ರಲ್ಲಿ ಇದನ್ನೇ ಪರೀಕ್ಷಿಸಿದ್ದರು: ಮಗು ಆಗಲೇ ಗಮನಿಸುತ್ತಿದ್ದ ವಸ್ತುವಿನ ಹೆಸರು ಹೇಳಿದಾಗ ಪದ ಚೆನ್ನಾಗಿ ಕೂತಿತು, ಗಮನವನ್ನು ಬೇರೆಡೆಗೆ ಎಳೆದು ಹೇಳಿದಾಗ ಅಷ್ಟಾಗಿ ಕೂರಲಿಲ್ಲ.

ಹಾಗಾಗಿ ಚೆಂಡು ಬಿಡಿ, ಮುಚ್ಚಳವನ್ನೇ ಹಿಡಿಯಿರಿ. ಅವನೆದುರು ಕೂತು, ಅವನು ಮುಚ್ಚಳವನ್ನು ನೋಡುತ್ತಿರುವಾಗಲೇ ಮೊದಲು ಪದವನ್ನು ಒಂಟಿಯಾಗಿ ಹೇಳಿ: ‘ಮುಚ್ಚಳ!’ ಆಮೇಲೆ ‘ಮುಚ್ಚಳ ಬಡೀತೀಯಾ? ಟಕ್ ಟಕ್! ಮುಚ್ಚಳ ಬಿತ್ತು.’ ಮೂರ್ನಾಲ್ಕು ಪದ ಮೀರದ ವಾಕ್ಯ, ಒಂದೇ ಪದ ಬೆನ್ನುಬೆನ್ನಿಗೆ. ಕನ್ನಡದಲ್ಲಿ ಪದದ ಬಾಲ ಬದಲಾಗುತ್ತಲೇ ಇರುತ್ತದಲ್ಲ, ಮುಚ್ಚಳಾನ, ಮುಚ್ಚಳದಿಂದ, ಮುಚ್ಚಳದ್ದು ಅಂತ. ಪ್ರತ್ಯಯವಿಲ್ಲದ ರೂಪ ಮೊದಲು ಕಿವಿಗೆ ಬೀಳಲಿ, ಉಳಿದವು ಮಾತಿನ ಓಘದಲ್ಲಿ ತಾವಾಗಿ ಬರುತ್ತವೆ.

ದನಿಯನ್ನು ಏರಿಸಿ, ಸ್ವರವನ್ನು ಎಳೆದು, ನಿಧಾನವಾಗಿ ಆಡಲು ಸಂಕೋಚ ಬೇಡ. ಶಿಶುಗಳು ಸಪಾಟು ಮಾತಿಗಿಂತ ಇಂಥ ರಾಗದ ಮಾತಿಗೇ ಹೆಚ್ಚು ಹೊತ್ತು ಕಿವಿಗೊಡುತ್ತವೆ ಎಂಬುದು ಹಲವು ಪ್ರಯೋಗಾಲಯಗಳಲ್ಲಿ ಮತ್ತೆಮತ್ತೆ ಕಂಡಿದೆ. ಮುದ್ದು ಪದಗಳೂ ನಡೆಯುತ್ತವೆ.

ಹೇಳಿಯಾದ ಮೇಲೆ ಸುಮ್ಮನಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಮನಸ್ಸಿನಲ್ಲೇ ನಿಧಾನವಾಗಿ ಐದರವರೆಗೆ ಎಣಿಸಿ. ಅವನು ನಿಮ್ಮ ಮುಖ ನೋಡಬಹುದು, ‘ಬಾ’ ಎನ್ನಬಹುದು, ಮುಚ್ಚಳ ಚಾಚಬಹುದು. ಅದು ಅವನ ಸರದಿ. ತಕ್ಷಣ ‘ಹೌದು, ಮುಚ್ಚಳ! ನಂಗೆ ಕೊಟ್ಯಾ?’ ಎಂದು ಮರುನುಡಿಯಿರಿ. ತೊದಲಿಗೆ ಆ ಕ್ಷಣವೇ ಉತ್ತರ ಸಿಕ್ಕರೆ ತೊದಲಿನ ಗುಣವೇ ಸುಧಾರಿಸುತ್ತದೆ ಎಂದು ಮೈಕಲ್ ಗೋಲ್ಡ್‌ಸ್ಟೈನ್ ಅವರ ಪ್ರಯೋಗಗಳು ತೋರಿಸಿವೆ. ‘ಅನ್ನು, ಅನ್ನು’ ಎಂಬ ಒತ್ತಾಯವನ್ನು ಪೂರ್ತಿ ಬಿಡಿ. ಅದರಿಂದ ಸಂಭಾಷಣೆ ಹೋಗಿ ಪರೀಕ್ಷೆಯಾಗುತ್ತದೆ.

ದಾರಿ ಸರಿಯಿದೆಯೇ ಎಂದು ತಿಳಿಯಲು ಅವನ ಬಾಯಿಗಿಂತ ಕಣ್ಣನ್ನು ನೋಡಿ. ಒಂದೆರಡು ವಾರದ ನಂತರ, ಮುಚ್ಚಳವನ್ನು ಇನ್ನೆರಡು ವಸ್ತುಗಳ ಜೊತೆ ಇಟ್ಟು, ಕೈಯಿಂದ ತೋರಿಸದೆ, ನೀವೂ ಅತ್ತ ನೋಡದೆ ‘ಮುಚ್ಚಳ ಎಲ್ಲಿ?’ ಎನ್ನಿ. ಬೇರೆ ಬೇರೆ ಹೊತ್ತಿನಲ್ಲಿ ಕೇಳಿದಾಗಲೂ ಅವನ ನೋಟ ಹೆಚ್ಚಾಗಿ ಅಲ್ಲಿಗೇ ಹೋದರೆ ಪದ ಒಳಗಿಳಿದಿದೆ. ಆಡುವುದಕ್ಕೆ ಇನ್ನೂ ತಿಂಗಳುಗಳು ಬೇಕಾಗಬಹುದು, 11 ತಿಂಗಳಿಗೆ ಅದು ಸಹಜ.

ಇಡೀ ದಿನ ಹೀಗೆ ಮಾತಾಡಬೇಕೆಂದೇನಿಲ್ಲ. ಮೆಕ್ಸಿಕೋದ ಸೆಲ್ತಾಲ್ ಮಾಯಾ ಜನಾಂಗದ ಹಳ್ಳಿಯೊಂದರಲ್ಲಿ ಮಕ್ಕಳಿಗೆ ನೇರ ಮಾತು ಸಿಗುವುದು ಗಂಟೆಗೆ ಸರಾಸರಿ ನಾಲ್ಕು ನಿಮಿಷಕ್ಕೂ ಕಡಿಮೆ, ಆದರೂ ಅವರ ಮೊದಲ ಮಾತುಗಳು ತಡವಾಗುವುದಿಲ್ಲ ಎಂದು 2020ರ ಅಧ್ಯಯನವೊಂದು ದಾಖಲಿಸಿದೆ. ಊಟ, ಸ್ನಾನ, ಬಟ್ಟೆ ತೊಡಿಸುವ ಹೊತ್ತು ಹೇಗೂ ಎದುರುಬದುರು ಇರುತ್ತೀರಿ, ಅಷ್ಟನ್ನು ಬಳಸಿಕೊಳ್ಳಿ.

ಒಂದು ವಿಷಯವನ್ನು ಮಾತ್ರ ಮುಂದೂಡಬೇಡಿ. ಹೆಸರು ಕರೆದರೆ ತಿರುಗದಿದ್ದರೆ, 12 ತಿಂಗಳಾದರೂ ತೊದಲು ಮಾತಾಗಲಿ ಬೆರಳು ತೋರಿಸುವಂಥ ಸನ್ನೆಗಳಾಗಲಿ ಬರದಿದ್ದರೆ, ಅಥವಾ 16 ತಿಂಗಳಾದರೂ ಒಂದೂ ಪದ ಇಲ್ಲದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದರೂ ಮಾಡಿಸಿ, ಏಕೆಂದರೆ ಮಧ್ಯಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಕಡಿಮೆಯಾಗುವುದು ಆಮೇಲೂ ಆಗಬಹುದು.