ಎಬಿಟ್ಡಾ ನೋಡಿ ಬ್ಯಾಂಕ್ ಸಾಲ ಕೊಡುತ್ತದೆ, ಅನಲಿಸ್ಟ್ ನಂಬಬೇಡಿ ಅನ್ನುತ್ತಾರೆ: ಯಾಕೆ?

ಪ್ರಶ್ನೆ: ನಮ್ಮ ಮಾವನ ಫೌಂಡ್ರಿಯ ಎಬಿಟ್ಡಾ ಚೆನ್ನಾಗಿದೆ ಅಂತ ಬ್ಯಾಂಕಿನವರು ಖುಷಿಯಾಗಿದ್ದಾರೆ. ಷೇರು ಅನಲಿಸ್ಟ್ ಆಗಿರುವ ಗೆಳೆಯ ಮಾತ್ರ ಆ ಸಂಖ್ಯೆ ನಂಬಬೇಡ ಅಂತಾನೆ. ಯಾರ ಮಾತು ಸರಿ?

ನಾನು ಬೆಳಗಾವಿಯಲ್ಲಿ ಸಣ್ಣ ಕಾರ್ಖಾನೆಗಳಿಗೆ ಬ್ಯಾಂಕ್ ಸಾಲದ ಕಾಗದಪತ್ರ, ಸಾಲದ ಅರ್ಜಿ ಜೊತೆ ಕೊಡುವ ಲೆಕ್ಕಪತ್ರದ ಪಟ್ಟಿ ಅಂದ್ರೆ ಸಿಎಂಎ ಡೇಟಾ ಮಾಡಿಕೊಡುತ್ತೇನೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಉದ್ಯಮಬಾಗದ ಫೌಂಡ್ರಿಯವರೇ. ಇಬ್ಬರೂ ಸರಿ ಇರಬಹುದು, ಯಾಕಂದ್ರೆ ಇಬ್ಬರೂ ನೋಡುವ ಕಾಲ ಬೇರೆ.

ಬಡ್ಡಿ, ತೆರಿಗೆ, ಸವಕಳಿ ಇವನ್ನು ಕಳೆಯುವ ಮುಂಚಿನ ಲಾಭವೇ ಎಬಿಟ್ಡಾ. ಸವಕಳಿ ಅಂದ್ರೆ ಮಷಿನ್ ಸವೆದದ್ದಕ್ಕೆ ಲೆಕ್ಕದಲ್ಲಿ ಬರೆಯುವ ಖರ್ಚು. ಆ ವರ್ಷ ಅದಕ್ಕಾಗಿ ಯಾರ ಕೈಗೂ ದುಡ್ಡು ಹೋಗುವುದಿಲ್ಲ. ಬ್ಯಾಂಕಿನವರಿಗೆ ಬೇಕಾಗಿರುವುದು ಇಷ್ಟೇ: ಸಾಲ ತೀರುವ ಐದಾರು ವರ್ಷ ಬಡ್ಡಿ, ಕಂತು ಕಟ್ಟುವಷ್ಟು ದುಡ್ಡು ಧಂದೆಯಿಂದ ಬರುತ್ತದಾ? ಮಷಿನ್ ಹೊಸದಿದ್ದರೆ ಅಷ್ಟು ವರ್ಷ ಅದು ಓಡುತ್ತದೆ. ಕಷ್ಟದ ವರ್ಷ ಬಂದರೆ ಹೊಸ ಮಷಿನ್ ಮುಂದೂಡಬಹುದು, ಕಂತು ಮುಂದೂಡಲು ಆಗುವುದಿಲ್ಲ. ಷೇರು ಕೊಳ್ಳುವವನು ಹಾಗಲ್ಲ. ಸಾಲ ತೀರಿದ ಮೇಲೂ ಅವನು ಅಲ್ಲೇ ಇರುತ್ತಾನೆ. ಮಷಿನ್ ಸತ್ತ ದಿನ ಹೊಸದಕ್ಕೆ ದುಡ್ಡು ಅವನ ಪಾಲಿನಿಂದಲೇ ಹೋಗಬೇಕು. ಅಮೆರಿಕದ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಕಂಪನಿಯ 2000ನೇ ವರ್ಷದ ವರದಿಯ ಪತ್ರದಲ್ಲಿ ಎಬಿಟ್ಡಾ ಮೇಲೆ ಸಿಟ್ಟಾಗಿದ್ದು ಇದೇ ಕಾರಣಕ್ಕೆ.

ಒಂದು ಫೌಂಡ್ರಿಯ ಕತೆ ಹೇಳುತ್ತೇನೆ. ಹೆಸರು ಬೇಡ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ವರ್ಷಕ್ಕೆ 20 ಕೋಟಿ ವ್ಯಾಪಾರ, ಎಬಿಟ್ಡಾ 280 ಲಕ್ಷ. ಕಂತಿನಲ್ಲಿ ತೀರಿಸುವ ಟರ್ಮ್ ಲೋನ್ 4 ಕೋಟಿ, ಸ್ಟಾಕ್ ಮತ್ತು ಬಾಕಿಯ ಆಧಾರದ ಮೇಲೆ ಬೇಕಾದಾಗ ತೆಗೆದು ಕಟ್ಟುವ ಕ್ಯಾಶ್ ಕ್ರೆಡಿಟ್ ಅಂದ್ರೆ ಸಿಸಿ 4 ಕೋಟಿ. ಒಟ್ಟು ಸಾಲ ಎಬಿಟ್ಡಾದ ಮೂರು ಪಟ್ಟಿಗಿಂತ ಕಡಿಮೆ. ಎರಡೂ ಸಾಲಕ್ಕೆ ಬಡ್ಡಿ ತಲಾ 40 ಲಕ್ಷ, ಟರ್ಮ್ ಲೋನಿನ ಕಂತು 90 ಲಕ್ಷ. ಸವಕಳಿ 110 ಲಕ್ಷ, ತೆರಿಗೆ 23 ಲಕ್ಷ ಕಳೆದು ನಿವ್ವಳ ಲಾಭ 67 ಲಕ್ಷ. ಬ್ಯಾಂಕ್ ನಿವ್ವಳ ಲಾಭಕ್ಕೆ ಸವಕಳಿ ಮತ್ತು ಟರ್ಮ್ ಲೋನಿನ ಬಡ್ಡಿ ಸೇರಿಸಿತು, 217 ಲಕ್ಷ ಆಯಿತು. ಅದನ್ನು ಕಂತು ಮತ್ತು ಅದೇ ಬಡ್ಡಿ ಸೇರಿದ 130 ಲಕ್ಷದಿಂದ ಭಾಗಿಸಿತು. ಡಿಎಸ್‌ಸಿಆರ್, ಅಂದ್ರೆ ಬಡ್ಡಿ-ಕಂತಿಗೆ ಬೇಕಾದದ್ದರ ಎಷ್ಟು ಪಟ್ಟು ದುಡ್ಡಿದೆ ಅನ್ನುವ ಅನುಪಾತ, 1.67 ಬಂತು. ಸಾಮಾನ್ಯವಾಗಿ 1.5 ದಾಟಿದರೆ ಅಧಿಕಾರಿಗೆ ಸಮಾಧಾನ. ಫೈಲ್ ಪಾಸಾಯಿತು.

ಆ ವರ್ಷ ಎರಡು ಸಂಗತಿ ನಡೆದವು. ಶಾಟ್ ಬ್ಲಾಸ್ಟಿಂಗ್ ಮಷಿನ್ ಪೂರ್ತಿ ಸವೆದಿತ್ತು, ಫರ್ನೇಸಿನ ಕಾಯಿಲ್ ಕೂಡ ಹೋಯಿತು. ಎರಡಕ್ಕೂ ಸೇರಿ 70 ಲಕ್ಷ. (ಫರ್ನೇಸ್ ಲೈನಿಂಗ್ ಆಗಿದ್ದರೆ ಅದು ದಿನನಿತ್ಯದ ಖರ್ಚು, ಎಬಿಟ್ಡಾ ಬರುವ ಮುಂಚೆಯೇ ಕಳೆದಿರುತ್ತದೆ. ಇದು ಮಷಿನರಿ ಖಾತೆಗೆ ಹೋಯಿತು, ಹಾಗಾಗಿ ಎಬಿಟ್ಡಾಗೆ ಕಾಣಲೇ ಇಲ್ಲ.) ಇನ್ನೊಂದು ದೊಡ್ಡದು. 90 ದಿನಕ್ಕೆ ಬಿಲ್ಲಿನ ದುಡ್ಡು ಕೊಡುತ್ತಿದ್ದ ಗಿರಾಕಿಗಳು 120 ದಿನ ಮಾಡಿದರು. ಒಂದು ತಿಂಗಳ ವ್ಯಾಪಾರ, ಅಂದ್ರೆ 167 ಲಕ್ಷ, ಹೊರಗೇ ಉಳಿಯಿತು. ಲೆಕ್ಕದಲ್ಲಿ ಮಾತ್ರ ಮಾರಾಟವಾದ ದಿನವೇ ಲಾಭ ಬರೆದಾಗಿತ್ತು.

ಈಗ ಕೈಗೆ ಬಂದ ದುಡ್ಡು ನೋಡಿ. 280ರಲ್ಲಿ ತೆರಿಗೆ 23, ಮಷಿನ್ 70, ಬಾಕಿ 167 ಹೋದರೆ ಉಳಿದದ್ದು ಬರೀ 20 ಲಕ್ಷ. ಬ್ಯಾಂಕಿಗೆ ಕಟ್ಟಬೇಕಾದದ್ದು ಎರಡೂ ಬಡ್ಡಿ 80, ಕಂತು 90, ಒಟ್ಟು 170. ಒಂದೂವರೆ ಕೋಟಿ ಕಮ್ಮಿ! ಸಿಸಿಯಿಂದ ತೆಗೆಯೋಣ ಅಂದರೆ 90 ದಿನ ದಾಟಿದ ಬಾಕಿಯನ್ನು ಬ್ಯಾಂಕ್ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ, ಅದರ ಮೇಲೆ ದುಡ್ಡು ತೆಗೆಯುವ ಮಿತಿ, ಅಂದ್ರೆ ಡ್ರಾಯಿಂಗ್ ಪವರ್, ಕೊಡಲಿಲ್ಲ. ದುಡ್ಡು ಬೇಕಾದ ಹೊತ್ತಿಗೇ ಬಾಗಿಲು ಮುಚ್ಚಿತು. ಆ ಯಜಮಾನರ ಮುಖ ನನಗೆ ಇನ್ನೂ ನೆನಪಿದೆ. ಎಬಿಟ್ಡಾ ಸುಳ್ಳು ಹೇಳಿರಲಿಲ್ಲ. ಅದು ಬಾಕಿಯನ್ನೂ ಮಷಿನನ್ನೂ ನೋಡುವುದೇ ಇಲ್ಲ.

ಆದರೆ ನಿಮ್ಮ ಗೆಳೆಯನ ಮಾತನ್ನೂ ಪೂರ್ತಿ ಒಪ್ಪಬೇಡಿ. ಒಂದು ಫೌಂಡ್ರಿ ಸಾಲ ಮಾಡಿದೆ, ಇನ್ನೊಂದು ಸ್ವಂತ ದುಡ್ಡಿನಲ್ಲಿ ನಡೆದಿದೆ ಅಂದಾಗ, ಯಾವುದು ಚೆನ್ನಾಗಿ ಎರಕ ಹೊಯ್ದು ಲಾಭ ಮಾಡುತ್ತಿದೆ ಅಂತ ಹೋಲಿಸಲು ಎಬಿಟ್ಡಾ ಒಳ್ಳೆಯದೇ. ಅನಲಿಸ್ಟರೂ ಅದಕ್ಕೇ ಬಳಸುತ್ತಾರೆ.

ನಿಮ್ಮ ಮಾವನಿಗೆ ಒಂದು ಕೆಲಸ ಹೇಳಿ. 2013ರ ಕಂಪನಿ ಕಾಯ್ದೆಯಲ್ಲಿ ಸಣ್ಣ ಕಂಪನಿಗಳಿಗೆ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ತೋರಿಸುವ ಕ್ಯಾಶ್ ಫ್ಲೋ ಸ್ಟೇಟ್‌ಮೆಂಟ್ ಕಡ್ಡಾಯವಲ್ಲ, ಪಾಲುದಾರಿಕೆ ಫರ್ಮ್ ಆಗಿದ್ದರೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಹಾಗಾಗಿ ಈ ತೂತು ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ. ಕಳೆದ ನಾಲ್ಕು ವರ್ಷದ ಬ್ಯಾಲೆನ್ಸ್ ಶೀಟ್ ಪಕ್ಕಪಕ್ಕ ಇಡಿ. ಪ್ರತಿ ವರ್ಷ ಗಿರಾಕಿಗಳ ಬಾಕಿ ಮತ್ತು ಸ್ಟಾಕ್ ಎಷ್ಟು ಏರಿತು, ಮಷಿನರಿಗೆ ಎಷ್ಟು ಹಾಕಿದರು ಅಂತ ಬರೆದು ಎಬಿಟ್ಡಾದಿಂದ ಕಳೆಯಿರಿ, ತೆರಿಗೆಯನ್ನೂ ಕಳೆಯಿರಿ. ನಾಲ್ಕರಲ್ಲಿ ಮೂರು ವರ್ಷ ಉಳಿದದ್ದು ಬಡ್ಡಿ ಮತ್ತು ಕಂತಿಗಿಂತ ಜಾಸ್ತಿ ಇದ್ದರೆ ಬ್ಯಾಂಕಿನವರ ಖುಷಿಗೆ ಕಾರಣವಿದೆ. ಕಮ್ಮಿ ಇದ್ದರೆ ಹೊಸ ಸಾಲಕ್ಕೆ ಸಹಿ ಹಾಕುವ ಮುಂಚೆ ಬಿಲ್ಲಿನ ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ ಅನ್ನುವ ವಿಷಯ ಗಿರಾಕಿಗಳ ಹತ್ತಿರ ಮಾತಾಡಿ.