ಹಜಾರ್ಡ್ ಅದೇ ಇದ್ದರೂ ರಿಸ್ಕ್ ಬದಲಾಗುವುದು ಹೇಗೆ?

ಪ್ರಶ್ನೆ: ಸರ್, ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾಗೆ ಈಗಷ್ಟೇ ಸೇರಿದ್ದೇನೆ. ಯಂತ್ರದ ಬಿಡಿಭಾಗಗಳನ್ನು ತೊಳೆಯುವ ಕೆಲಸದಲ್ಲಿರುವ ಹಜಾರ್ಡ್‌ಗಳನ್ನು ಪಟ್ಟಿ ಮಾಡಲು ಹೇಳಿದಾಗ ‘ಕಾಸ್ಟಿಕ್ ಸೋಡಾ’, ‘ಕನ್ನಡಕ ಹಾಕದಿರುವುದು’, ‘ಕಣ್ಣಿಗೆ ಹಾನಿ’ ಎಂದು ಮೂರನ್ನು ಬರೆದೆ. ಉಪನ್ಯಾಸಕರು ಮೊದಲನೆಯದನ್ನು ಉಳಿಸಿ ಉಳಿದೆರಡನ್ನು ಹೊಡೆದುಹಾಕಿದರು. ಹಾಗಾದರೆ ಹಜಾರ್ಡ್ ಎಂದರೆ ಯಾವುದು, ರಿಸ್ಕ್ ಎಂದರೆ ಯಾವುದು?

ಉತ್ತರ: ಉಪನ್ಯಾಸಕರು ಮಾಡಿದ್ದು ಸರಿ, ಆದರೆ ನೀವು ಬರೆದ ಮೂರೂ ಬೇಕಾದವೇ, ಅವು ಸೇರಬೇಕಾದ ಜಾಗಗಳು ಬೇರೆ ಬೇರೆ. ಗಾಯವನ್ನಾಗಲಿ ಅನಾರೋಗ್ಯವನ್ನಾಗಲಿ ಉಂಟುಮಾಡುವ ಶಕ್ತಿಯುಳ್ಳ ಮೂಲವೇ ಹಜಾರ್ಡ್. ಕೆಲಸದ ಸ್ಥಳದ ಆರೋಗ್ಯ ಮತ್ತು ಸುರಕ್ಷತೆಗಾಗಿ 2018ರಲ್ಲಿ ಪ್ರಕಟವಾದ ಐಎಸ್ಒ 45001 ಮಾನಕವೂ ಅದನ್ನು ಇದೇ ಅರ್ಥದಲ್ಲಿ ವಿವರಿಸುತ್ತದೆ. ಆ ಮೂಲದಿಂದ ಒಬ್ಬ ಕೆಲಸಗಾರನಿಗೆ ಹಾನಿಯಾಗುವ ಸಂಭವ ಎಷ್ಟು ಮತ್ತು ಆಗುವ ಹಾನಿ ಎಷ್ಟು ತೀವ್ರ ಎಂಬ ಎರಡನ್ನೂ ಕೂಡಿಸಿ ನೋಡಿದಾಗ ಸಿಗುವುದು ರಿಸ್ಕ್. ಈ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ಹಜಾರ್ಡ್, ಕಣ್ಣಿಗಾಗುವ ಹಾನಿ ಅದರ ಪರಿಣಾಮ, ಕನ್ನಡಕ ಇಲ್ಲದಿರುವುದು ಇವೆರಡರ ನಡುವೆ ಇರಬೇಕಾಗಿದ್ದ ತಡೆಯೊಂದರ ಕೊರತೆ. ತಡೆ ಇಲ್ಲದಿದ್ದರೆ ಸಂಭವ ಹೆಚ್ಚುತ್ತದೆಯೇ ಹೊರತು, ಆ ಕೊರತೆಯೊಂದೇ ಯಾರನ್ನೂ ಗಾಯಗೊಳಿಸಲಾರದು.

ನಿಮ್ಮ ಉದಾಹರಣೆಯಲ್ಲೇ ಮುಂದುವರಿಯೋಣ. ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಸಾಮಾನ್ಯವಾಗಿ ಬಿಳಿಯ ಚಕ್ಕೆಗಳ ರೂಪದಲ್ಲಿ ಚೀಲದಲ್ಲಿ ಬರುತ್ತದೆ. ನೀರಿನಲ್ಲಿ ಕರಗುವಾಗ ಅದು ಬಹಳ ಶಾಖವನ್ನು ಹೊರಬಿಡುತ್ತದೆ, ಆದ್ದರಿಂದ ತಣ್ಣೀರಿಗೆ ಚಕ್ಕೆಗಳನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಕಲಕಬೇಕೇ ವಿನಾ ಚಕ್ಕೆಗಳ ಮೇಲೆ ನೀರು ಸುರಿಯಬಾರದು. ಸುರಿದರೆ ದ್ರಾವಣ ಕುದಿದು ಸಿಡಿಯಬಹುದು. ಗಾಢವಾದ ದ್ರಾವಣ ಚರ್ಮಕ್ಕೆ ತಗುಲಿದಾಗ ಕೆಲವೊಮ್ಮೆ ತಕ್ಷಣ ನೋವು ತಿಳಿಯುವುದಿಲ್ಲ, ಹೀಗಾಗಿ ತೊಳೆದುಕೊಳ್ಳುವುದು ತಡವಾಗುತ್ತದೆ. ಕಣ್ಣಿಗೆ ಬಿದ್ದರೆ ಅದು ಅಂಗಾಂಶವನ್ನು ಕರಗಿಸುತ್ತ ಒಳಕ್ಕಿಳಿಯುತ್ತದೆ, ದೃಷ್ಟಿ ಶಾಶ್ವತವಾಗಿ ಹೋಗಬಹುದು. ಇಷ್ಟೆಲ್ಲವೂ ಆ ವಸ್ತುವಿನ ಗುಣ. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಆ ಗುಣ ಇದ್ದೇ ಇರುತ್ತದೆ, ಮತ್ತು ಹಜಾರ್ಡ್ ಅನ್ನು ಗುರುತಿಸಲು ಹೊಸಬರಿಗೆ ಇದಕ್ಕಿಂತ ಸರಳವಾದ ಪರೀಕ್ಷೆ ನನಗೆ ತಿಳಿದಿಲ್ಲ: ಕೆಲಸಗಾರರನ್ನೆಲ್ಲ ಹೊರಗೆ ಕಳುಹಿಸಿದ ಮೇಲೂ ಒಳಗೆ ಉಳಿಯುವುದು ಏನು ಎಂದು ಕೇಳಿಕೊಳ್ಳಿ. ಕಾಸ್ಟಿಕ್ ಸೋಡಾ ಉಳಿಯುತ್ತದೆ. ಕಣ್ಣಿನ ಹಾನಿ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ಕಣ್ಣೇ ಇಲ್ಲ.

ಈಗ ರಿಸ್ಕ್ ಕಡೆಗೆ ಬರೋಣ. ಅದೇ ಚೀಲ ಬಾಯಿ ಹೊಲಿದ ಸ್ಥಿತಿಯಲ್ಲಿ, ಬೀಗ ಹಾಕಿದ ಒಣ ಉಗ್ರಾಣದಲ್ಲಿ ಇದ್ದಾಗ ಹಜಾರ್ಡ್ ಒಂದಿಷ್ಟೂ ತಗ್ಗಿಲ್ಲ, ಆದರೆ ರಿಸ್ಕ್ ಬಹಳ ಕಡಿಮೆ. ಕೆಲಸಗಾರನೊಬ್ಬ ಪ್ರತಿದಿನವೂ ಆ ಚೀಲದಿಂದ ಚಕ್ಕೆಗಳನ್ನು ತೆಗೆದು, ಬರಿಗಣ್ಣಿನಲ್ಲಿ ತೊಟ್ಟಿಯ ಮೇಲೆ ಬಾಗಿ, ಕೈಯಿಂದ ಕಲಕುವಾಗ ಅದೇ ಹಜಾರ್ಡ್‌ನಿಂದ ದೊಡ್ಡ ರಿಸ್ಕ್ ಹುಟ್ಟುತ್ತದೆ. ಅನೇಕ ಕಡೆ ತೀವ್ರತೆಗೆ 1ರಿಂದ 5, ಸಂಭವಕ್ಕೆ 1ರಿಂದ 5 ಅಂಕ ಕೊಟ್ಟು ಎರಡನ್ನೂ ಗುಣಿಸುವ ಪದ್ಧತಿಯಿದೆ, ನಿಮ್ಮ ಪಠ್ಯದಲ್ಲೂ ಇದು ಬರುತ್ತದೆ. ಶಾಶ್ವತ ದೃಷ್ಟಿದೋಷಕ್ಕೆ ತೀವ್ರತೆ 4 ಎಂದೂ, ದಿನವೂ ಬಾಗಿ ಕಲಕುವುದರಿಂದ ಸಂಭವ 4 ಎಂದೂ ಇಟ್ಟುಕೊಂಡರೆ ರಿಸ್ಕ್ 16 ಆಗುತ್ತದೆ.

ಈ 16 ಅನ್ನು ಇಳಿಸಲು ಎರಡು ದಾರಿಗಳನ್ನು ನೋಡಿ. ಮೊದಲನೆಯದು, ರಾಸಾಯನಿಕ ಸಿಡಿದರೂ ಒಳಗೆ ಬಿಡದಂತೆ ಮುಖಕ್ಕೆ ಅಂಟಿ ಕೂರುವ ಕನ್ನಡಕ, ಅದರ ಮೇಲೆ ಇಡೀ ಮುಖ ಮುಚ್ಚುವ ಪಾರದರ್ಶಕ ಕವಚ. ಹನಿ ಸಿಡಿದರೂ ಕಣ್ಣು ತಲುಪುವುದು ಅಪರೂಪವಾಗುವುದರಿಂದ ಸಂಭವ 2ಕ್ಕೆ ಇಳಿಯುತ್ತದೆ. ತೀವ್ರತೆ ಮಾತ್ರ 4ರಲ್ಲೇ ನಿಲ್ಲುತ್ತದೆ, ಏಕೆಂದರೆ ತೊಟ್ಟಿಯಲ್ಲಿರುವುದು ಅದೇ ಗಾಢ ದ್ರಾವಣ. ಗುಣಲಬ್ಧ 8. ಎರಡನೆಯದು, ಚಕ್ಕೆಗಳನ್ನು ಕೈಬಿಟ್ಟು ಶೇಕಡ 1ರಷ್ಟು ತೆಳುವಾದ ಸಿದ್ಧ ದ್ರಾವಣವನ್ನೇ ತರಿಸುವುದು. ಐರೋಪ್ಯ ಒಕ್ಕೂಟದ ವರ್ಗೀಕರಣದ ಪ್ರಕಾರ ಸೋಡಿಯಂ ಹೈಡ್ರಾಕ್ಸೈಡ್ ಶೇಕಡ 5 ಅಥವಾ ಅದಕ್ಕಿಂತ ಹೆಚ್ಚಿರುವ ದ್ರಾವಣ ಚರ್ಮವನ್ನು ಸುಡುವ ಅತಿ ತೀವ್ರ ವರ್ಗಕ್ಕೆ ಸೇರುತ್ತದೆ, ಶೇಕಡ 2ರಿಂದ 5ರ ನಡುವಿನದು ಸುಡುವಂಥದ್ದೇ ಆದರೂ ಒಂದು ಮೆಟ್ಟಿಲು ಕೆಳಗೆ, ಶೇಕಡ 0.5ರಿಂದ 2ರ ನಡುವಿನದು ಉರಿ ತರುವ ವರ್ಗಕ್ಕೆ. ಇಲ್ಲಿ ಹಜಾರ್ಡ್ ತಾನೇ ಸಣ್ಣದಾಗಿದೆ. ಹನಿ ಸಿಡಿದು ಕಣ್ಣಿಗೆ ಹಾನಿಯಾಗುವ ಸಂಭವ 4ರಲ್ಲೇ ಇದ್ದರೂ ತೀವ್ರತೆ 2ಕ್ಕೆ ಇಳಿಯುವುದರಿಂದ ಗುಣಲಬ್ಧ ಇಲ್ಲಿಯೂ 8.

ಅಂಕ ಒಂದೇ, ಸ್ಥಿತಿ ಒಂದೇ ಅಲ್ಲ; ಹೊಸಬರು ಈ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತು ಯೋಚಿಸಬೇಕೆಂಬುದು ನನ್ನ ಒತ್ತಾಯ. ಮೊದಲ ದಾರಿಯಲ್ಲಿ ಕನ್ನಡಕ ಮಂಜುಗಟ್ಟಿತೆಂದು ಕೆಲಸಗಾರ ಅದನ್ನು ಒಂದು ಕ್ಷಣ ಹಣೆಗೆ ಏರಿಸಿಕೊಂಡರೂ ರಿಸ್ಕ್ ಆ ಕ್ಷಣಕ್ಕೆ 16ಕ್ಕೆ ಮರಳುತ್ತದೆ, ಏಕೆಂದರೆ ಹಜಾರ್ಡ್ ಎಲ್ಲಿಗೂ ಹೋಗಿರಲಿಲ್ಲ. ಎರಡನೆಯ ದಾರಿಯಲ್ಲಿ ಯಾರು ಏನು ಮರೆತರೂ ತೊಟ್ಟಿಯಲ್ಲಿರುವುದು ತೆಳು ದ್ರಾವಣವೇ. ಅದಕ್ಕೇ ಮೂಲವನ್ನು ತೆಗೆದುಹಾಕುವುದು ಅಥವಾ ಕಡಿಮೆ ಹಾನಿಯದಕ್ಕೆ ಬದಲಿಸುವುದು ನಿಯಂತ್ರಣ ಕ್ರಮಗಳ ಸಾಲಿನಲ್ಲಿ ಮೇಲಿದೆ, ವೈಯಕ್ತಿಕ ರಕ್ಷಣಾ ಸಾಧನ ಕೊನೆಯಲ್ಲಿದೆ. ತೆಳು ದ್ರಾವಣಕ್ಕೂ ಮಿತಿಯುಂಟು: ಗಟ್ಟಿಯಾಗಿ ಅಂಟಿದ ಜಿಡ್ಡನ್ನು ಅದು ಬಿಡಿಸದೇ ಹೋಗಬಹುದು, ಆಗ ಕೆಲಸಗಾರರು ಹೆಚ್ಚು ಹೊತ್ತು ಕೈಯಿಂದ ಉಜ್ಜಬೇಕಾಗುತ್ತದೆ, ಆ ಉಜ್ಜುವಿಕೆಯನ್ನೂ ಪಟ್ಟಿಯಲ್ಲಿ ಹೊಸದಾಗಿ ಪರಿಶೀಲಿಸಬೇಕಾಗುತ್ತದೆ.

ಅಂಕ ಕೊಡುವಾಗ ನಾನು ಪದೇ ಪದೇ ಕಾಣುವ ತಪ್ಪೊಂದಿದೆ. ಸಂಭವ ಎಂದರೆ ಹನಿ ಸಿಡಿಯುವ ಸಂಭವವಲ್ಲ, ನೀವು ತೀವ್ರತೆಯ ಅಂಕಣದಲ್ಲಿ ಬರೆದ ಹಾನಿಯೇ ಆಗುವ ಸಂಭವ. ತೋಳಿನ ಮೇಲೆ ಹನಿ ಬೀಳುವುದು ದಿನನಿತ್ಯದ ಮಾತೆಂದು 5 ಕೊಟ್ಟು, ಪಕ್ಕದಲ್ಲಿ ದೃಷ್ಟಿ ಹೋಗುವುದಕ್ಕೆಂದು 4 ಬರೆದು ಗುಣಿಸಿದರೆ ಬರುವ 20ಕ್ಕೆ ಅರ್ಥವಿಲ್ಲ. ಅವು ಎರಡು ಬೇರೆ ಘಟನೆಗಳು, ಎರಡು ಸಾಲುಗಳಲ್ಲಿ ಬರಬೇಕು. ಈ ಅಂಕಗಳು ಅಳತೆಪಟ್ಟಿಯಿಂದ ಅಳೆದವಲ್ಲ, ಸ್ಥೂಲವಾದ ಶ್ರೇಣಿಗಳು ಮಾತ್ರ, ಆದ್ದರಿಂದ 16 ಎಂಬುದು 8ರ ಎರಡರಷ್ಟು ಅಪಾಯಕಾರಿ ಎಂದು ಓದುವುದೂ ಸಲ್ಲದು. ಗುಣಲಬ್ಧವೊಂದನ್ನೇ ಬರೆಯದೆ ಎರಡು ಅಂಕಗಳನ್ನೂ ಪ್ರತ್ಯೇಕವಾಗಿ ದಾಖಲಿಸಿ.

ಬೇರೆ ಕೆಲಸಗಳಲ್ಲೂ ಇದೇ ಕ್ರಮ ನಡೆಯುತ್ತದೆ. ಎತ್ತರದ ಅಟ್ಟಣಿಗೆಯಲ್ಲಿ ಕೆಲಸ ಮಾಡುವಾಗ ‘ಬೀಳುವುದು’ ಹಜಾರ್ಡ್ ಅಲ್ಲ, ಎತ್ತರವೇ ಹಜಾರ್ಡ್. ಅಂಚಿಗೆ ಕಟಕಟೆ ಇದ್ದರೆ ಬೀಳುವ ಸಂಭವ ಇಳಿಯುತ್ತದೆ, ಅದೇ ಕೆಲಸವನ್ನು ನೆಲದ ಮೇಲೆ ಮಾಡುವಂತೆ ಬದಲಿಸಿದರೆ ಎತ್ತರವೇ ಇಲ್ಲವಾಗುತ್ತದೆ. ಗದ್ದಲದ ಯಂತ್ರದ ವಿಷಯದಲ್ಲಿ ಶಬ್ದ ಹಜಾರ್ಡ್, ಶ್ರವಣಶಕ್ತಿ ಕುಂದುವುದು ಪರಿಣಾಮ, ಕೆಲಸಗಾರ ಎಷ್ಟು ಗಂಟೆ ಅದರ ಬಳಿ ನಿಲ್ಲುತ್ತಾನೆ ಎಂಬುದು ರಿಸ್ಕ್ ಅನ್ನು ನಿರ್ಧರಿಸುವ ಮುಖ್ಯ ಅಂಶ.

ನಿಮ್ಮ ಪಟ್ಟಿಯ ಆ ಸಾಲನ್ನು ಹೀಗೆ ತಿದ್ದಿ ಬರೆಯಬಹುದು: ಹಜಾರ್ಡ್ – ಗಾಢ ಕಾಸ್ಟಿಕ್ ಸೋಡಾ ದ್ರಾವಣ; ಹಾನಿಗೊಳಗಾಗುವವರು – ಬಿಡಿಭಾಗ ತೊಳೆಯುವ ಕೆಲಸಗಾರ; ಘಟನೆ – ಕಲಕುವಾಗ ಹನಿ ಸಿಡಿದು ಕಣ್ಣಿಗೆ ಬೀಳುವುದು; ಪರಿಣಾಮ – ಶಾಶ್ವತ ದೃಷ್ಟಿದೋಷ; ಈಗಿರುವ ತಡೆ – ಯಾವುದೂ ಇಲ್ಲ; ತೀವ್ರತೆ – 4; ಸಂಭವ – 4. ನೀವು ಹಜಾರ್ಡ್ ಎಂದು ಬರೆದಿದ್ದ ‘ಕನ್ನಡಕ ಹಾಕದಿರುವುದು’ ಈಗಿರುವ ತಡೆಯ ಅಂಕಣಕ್ಕೆ ಸೇರಿದೆ, ‘ಕಣ್ಣಿಗೆ ಹಾನಿ’ ಪರಿಣಾಮದ ಅಂಕಣಕ್ಕೆ.