ಕುತ್ತಿಗೆ ಉಜ್ಜಿದ್ರೂ ಹೋಗದ ಕಪ್ಪು

(ಹೆಸರು, ಗುರುತು ಬದಲಿಸಿದ್ದೇನೆ.)

ಧನುಷ್‌ಗೆ 14 ವರ್ಷ. ಬದಿಯಡ್ಕದ ಕಡೆಯ ಹುಡುಗ, ಒಂಬತ್ತನೇ ತರಗತಿ. ಅವನನ್ನು ನನ್ನ ಬಳಿ ಕಳಿಸಿದ್ದು ತರಗತಿಯ ಟೀಚರ್. ಪಿ.ಟಿ. ಪೀರಿಯಡ್‌ಗೆ ಇಳಿಯುವುದಿಲ್ಲ, ಸೆಕೆಯಲ್ಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೇ ಕೂತಿರುತ್ತಾನೆ ಎಂಬುದು ದೂರು.

ಸ್ವಲ್ಪ ಹೊತ್ತಿನ ನಂತರ ಅವನೇ ಕಾಲರ್ ಸರಿಸಿ ತೋರಿಸಿದ. ಕುತ್ತಿಗೆಯ ಹಿಂಭಾಗ ದಪ್ಪಗೆ, ಮಖಮಲ್ಲಿನ ಹಾಗೆ ಕಪ್ಪಾಗಿತ್ತು. ಕಂಕುಳಲ್ಲೂ ಹಾಗೇ ಇದೆ ಎಂದ. ಹುಡುಗರು 'ಸ್ನಾನ ಮಾಡದವ' ಎಂದು ಕರೆಯುತ್ತಾರೆ. ಮನೆಯಲ್ಲಿ ಅಜ್ಜಿ ಭಾನುವಾರ ಕಡ್ಲೆಹಿಟ್ಟಿಗೆ ಲಿಂಬೆ ಹಿಂಡಿ ತೆಂಗಿನ ನಾರಿನಲ್ಲಿ ಉಜ್ಜುತ್ತಾರೆ. ಉರಿ ಬರುತ್ತದೆ, ಕಪ್ಪು ಮಾತ್ರ ಹೋಗುವುದಿಲ್ಲ.

ಹೋಗುವುದಾದರೂ ಹೇಗೆ? ಅದು ಕೊಳೆಯಲ್ಲ. ತೂಕ ಜಾಸ್ತಿಯಾದಾಗ ದೇಹ ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತದೆ. ಆಗ ಮೇದೋಜೀರಕ ಗ್ರಂಥಿ ಇನ್ನೂ ಹೆಚ್ಚು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮದ ಕೋಶಗಳನ್ನೂ ಬೆಳೆಸುತ್ತದೆ, ಮಡಿಕೆ ಬೀಳುವ ಜಾಗ ದಪ್ಪವಾಗಿ ಕಪ್ಪಾಗುತ್ತದೆ. ವೈದ್ಯರು ಇದನ್ನು ಅಕಾಂಥೋಸಿಸ್ ನೈಗ್ರಿಕನ್ಸ್ ಎನ್ನುತ್ತಾರೆ. ಕುತ್ತಿಗೆ ಕಪ್ಪಾದ ಮಕ್ಕಳಿಗೆಲ್ಲ ಶುಗರ್ ಇರಬೇಕೆಂದಿಲ್ಲ. ಆದರೆ ತೂಕವೂ ಜಾಸ್ತಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು.

ನಾನು ಇನ್ನೆರಡು ಪ್ರಶ್ನೆ ಕೇಳಿದೆ. ರಾತ್ರಿ ಮೂತ್ರಕ್ಕೆ ಏಳುತ್ತೀಯಾ? ಎರಡು ಮೂರು ಸಲ ಎಂದ. ಬಾಯಾರಿಕೆ? ತುಂಬಾ. ಅದಕ್ಕೆ ಶಾಲೆ ಬಿಟ್ಟ ಮೇಲೆ ಬೇಕರಿಯಲ್ಲಿ ಅರ್ಧ ಲೀಟರಿನ ಕೋಲಾ ಕುಡಿಯುತ್ತಾನೆ. ಅದರಲ್ಲಿ ಹತ್ತಕ್ಕೂ ಹೆಚ್ಚು ಟೀ ಚಮಚ ಸಕ್ಕರೆ. ಶುಗರ್ ಏರಿದ್ದಕ್ಕೆ ಬಾಯಾರಿಕೆ, ಬಾಯಾರಿಕೆಗೆ ಮತ್ತೆ ಸಕ್ಕರೆ. ಅಮ್ಮನಿಗೆ ಫೋನ್ ಮಾಡಿ ಆ ವಾರವೇ ವೈದ್ಯರ ಹತ್ತಿರ ಹೋಗಿ ಎಂದೆ.

ತೂಕ 82 ಕೆ.ಜಿ., ಎತ್ತರ 160 ಸೆಂ.ಮೀ. ಖಾಲಿ ಹೊಟ್ಟೆಯ ಶುಗರ್ 178. 126 ದಾಟಿದರೇ ಮಧುಮೇಹದ ಲೆಕ್ಕ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1, ಅಲ್ಲಿ 6.5ಕ್ಕೇ ಗೆರೆ. ಮಕ್ಕಳಲ್ಲಿ, ದೇಹವೇ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ದಾಳಿ ಮಾಡುವ ಟೈಪ್ 1 ಮಧುಮೇಹ ಕೂಡ ಬರುವುದರಿಂದ ಆಂಟಿಬಾಡಿ ಪರೀಕ್ಷೆಯನ್ನೂ ಮಾಡಿಸಿದರು. ಅದು ನೆಗೆಟಿವ್. ಟೈಪ್ 2 ಎಂದಾಯಿತು.

ಎಚ್‌ಬಿಎ1ಸಿ 8.5 ದಾಟಿ, ಬಾಯಾರಿಕೆಯಂಥ ಲಕ್ಷಣವೂ ಇದ್ದುದರಿಂದ ವೈದ್ಯರು ಎರಡು ಔಷಧ ಒಟ್ಟಿಗೇ ಶುರು ಮಾಡಿದರು: ಮೆಟ್‌ಫಾರ್ಮಿನ್ ಮಾತ್ರೆ, ರಾತ್ರಿ 22 ಯೂನಿಟ್ ಇನ್ಸುಲಿನ್. ಅಮ್ಮ ಕಣ್ಣೀರು ಹಾಕಿಕೊಂಡು ಬಂದರು.

"ಟೀಚರ್, ಸೂಜಿ ಶುರು ಮಾಡಿದ್ರೆ ಜೀವನಪೂರ್ತಿ ಅಲ್ವಾ? ನಾಳೆ ಹುಡುಗನಿಗೆ ಹೆಣ್ಣು ಯಾರು ಕೊಡ್ತಾರೆ?"

ಈ ಭಯ ನನಗೆ ಹೊಸದಲ್ಲ. ಅದನ್ನು ತಳ್ಳಿಹಾಕುವುದಕ್ಕಿಂತ ಇನ್ಸುಲಿನ್ನಿನ ಕೆಲಸ ಏನೆಂದು ವಿವರಿಸುವುದು ಒಳ್ಳೆಯದು. ಏರಿದ ಸಕ್ಕರೆಯೇ ಮೇದೋಜೀರಕ ಗ್ರಂಥಿಯನ್ನು ಸುಸ್ತು ಮಾಡುತ್ತದೆ. ಹೊರಗಿನ ಇನ್ಸುಲಿನ್ ಅದಕ್ಕೆ ಬಿಡುವು ಕೊಡುತ್ತದೆ. ಶುಗರ್ ಹತೋಟಿಗೆ ಬಂದರೆ ಕೆಲವು ವಾರಗಳಲ್ಲಿ ವೈದ್ಯರೇ ಡೋಸ್ ಇಳಿಸುತ್ತಾ ಬರುತ್ತಾರೆ, ಎಷ್ಟೋ ಮಕ್ಕಳಿಗೆ ನಿಲ್ಲಿಸುತ್ತಾರೆ. ನೀವೇ ನಿಲ್ಲಿಸಬೇಡಿ ಎಂದೆ. ಶುಗರ್ ತೀರಾ ಇಳಿದು ಮೈ ನಡುಗಿ ಬೆವರಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ವಾಂತಿ, ಹೊಟ್ಟೆನೋವು, ಜೋರಾದ ಉಸಿರು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ ಎಂದೂ ಬರೆದುಕೊಟ್ಟೆ.

ತೊಂದರೆ ಬಂದದ್ದು ಸೂಜಿಯಿಂದಲ್ಲ, ಮಾತ್ರೆಯಿಂದ. ಎರಡನೇ ವಾರ ಶುಗರ್ ಮತ್ತೆ ಏರಿತು. ಕೆದಕಿ ಕೇಳಿದಾಗ, ಹೊಟ್ಟೆ ತೊಳಸಿ ಭೇದಿಯಾಗುತ್ತದೆ, ಶಾಲೆಯಲ್ಲಿ ಅವಮಾನ ಆಗುತ್ತದೆ ಎಂದು ಮಾತ್ರೆಯನ್ನು ಬಾವಿಕಟ್ಟೆಯ ಪಕ್ಕ ಎಸೆಯುತ್ತಿದ್ದದ್ದು ಗೊತ್ತಾಯಿತು. ಬೈಯಬೇಡಿ ಎಂದು ಅಮ್ಮನಿಗೆ ಹೇಳಿದೆ. ವೈದ್ಯರಿಗೆ ಇದ್ದದ್ದನ್ನು ಹೇಳಿದ ಮೇಲೆ ಅವರು ರಾತ್ರಿ ಊಟದ ನಡುವೆ 500 ಮಿ.ಗ್ರಾಂ. ಒಂದೇ ಮಾತ್ರೆಯಿಂದ ಮತ್ತೆ ಶುರು ಮಾಡಿ, ನಿಧಾನ ಏರಿಸಿದರು. ಹೊಟ್ಟೆ ಒಗ್ಗಿಕೊಂಡಿತು.

ಊಟದ ವಿಷಯದಲ್ಲಿ ನನ್ನ ಷರತ್ತು ಒಂದೇ. ಅವನಿಗೆ ಬೇರೆ ಅಡುಗೆ ಬೇಡ. ಒಬ್ಬನ ತಟ್ಟೆಯಲ್ಲಿ ಪಥ್ಯ, ಉಳಿದವರ ತಟ್ಟೆಯಲ್ಲಿ ಪರೋಟ ಇದ್ದರೆ ಆ ಪಥ್ಯ ಉಳಿಯುವುದಿಲ್ಲ. ಕುಚ್ಚಲಕ್ಕಿ ಅನ್ನ ಎಲ್ಲರಿಗೂ ಕಾಲು ತಟ್ಟೆ, ಬಸಳೆ ಹರಿವೆ ತೊಂಡೆಕಾಯಿ ಅರ್ಧ ತಟ್ಟೆ, ಉಳಿದದ್ದಕ್ಕೆ ಬಂಗುಡೆ ಅಥವಾ ಹೆಸರುಕಾಳು. ಕುಚ್ಚಲಕ್ಕಿ ಎಂದು ಎಷ್ಟು ಬೇಕಾದರೂ ಉಣ್ಣಬಹುದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ, ಅದು ನಿಜವಲ್ಲ. ಕೋಲಾ ಪೂರ್ತಿ ಬಂದ್. ಆಟದ ಮೈದಾನಕ್ಕೆ ಅವನು ಒಪ್ಪಲಿಲ್ಲ, ಸಂಜೆ ಅಪ್ಪನ ಜೊತೆ ಒಂದು ಗಂಟೆ ಬಿರುಸಾಗಿ ನಡೆಯಲು ಒಪ್ಪಿದ. ಅದೂ ಸಾಕು.

ಮೂರು ತಿಂಗಳಿಗೆ ತೂಕ 77, ಎಚ್‌ಬಿಎ1ಸಿ 6.8. ಇನ್ಸುಲಿನ್ ನಿಂತಿದೆ, ಮಾತ್ರೆ ಇದೆ. ವೈದ್ಯರ ಗುರಿ 6.5ರ ಕೆಳಗೆ. ಮಕ್ಕಳಲ್ಲಿ ಟೈಪ್ 2 ದೊಡ್ಡವರಿಗಿಂತ ಬೇಗ ಹದಗೆಡುತ್ತದೆ, ಮಾತ್ರೆಯೊಂದೇ ಸಾಲದೆ ಹೋಗುವುದೂ ಉಂಟು. ಹಾಗಾಗಿ ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣು ಮತ್ತು ಮೂತ್ರದ ಪರೀಕ್ಷೆ ತಪ್ಪಿಸಬೇಡಿ ಎಂದಿದ್ದೇನೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ ಅಷ್ಟೇ. ಅದು ನಿಧಾನ. ನಾರಿನಲ್ಲಿ ಉಜ್ಜುವುದನ್ನು ಅಜ್ಜಿ ನಿಲ್ಲಿಸಿದ್ದಾರೆ.

ಮಾತಿನ ನಡುವೆ ಅಮ್ಮ ಇನ್ನೊಂದು ಹೇಳಿದರು: ಮಗಳು ಹೊಟ್ಟೆಯಲ್ಲಿದ್ದಾಗ ಅವರಿಗೆ ಶುಗರ್ ಬಂದಿತ್ತು. ಆ ಹುಡುಗಿಗೆ ಈಗ 10, ಅವಳೂ ದಪ್ಪ. ಕುತ್ತಿಗೆ ಕಪ್ಪಾಗುವ ತನಕ ಕಾಯಬೇಡಿ, ಧನುಷ್‌ನ ಮುಂದಿನ ತಪಾಸಣೆಗೆ ಹೋಗುವಾಗ ಅವಳನ್ನೂ ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಿ ಎಂದು ಹೇಳಿ ಕಳಿಸಿದೆ.